ನೆಪವನ್ನೂ ನಾವೇ ಕೊಟ್ಟು ಕೇಳೋಣ

ಸಂಜೆ ಏಳು ಗಂಟೆ. ಹಳೆಯ ಮ್ಯಾನೇಜರ್ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾರೆ. ಫೋನ್ ಬಡಿದುಕೊಳ್ಳುತ್ತದೆ. ನೋಡಿದರೆ ಎರಡು ವರ್ಷದಿಂದ ಮಾತಿಲ್ಲದ ಹುಡುಗ. "ಸರ್, ಚೆನ್ನಾಗಿದೀರಾ? ಮನೇಲೆಲ್ಲ ಆರಾಮಾ?" ಎಂದು ಶುರು ಮಾಡಿದವನು ಎರಡೇ ನಿಮಿಷಕ್ಕೆ ವಿಷಯಕ್ಕೆ ಬರುತ್ತಾನೆ. "ಸರ್, ಒಂದು ಕಂಪನೀಲಿ ಫೈನಲ್ ರೌಂಡ್ ಮುಗೀತು. ರೆಫರೆನ್ಸ್ ಕೇಳ್ತಿದಾರೆ. ನಿಮ್ಮ ಹೆಸರು ಕೊಟ್ಟಿರ್ತೀನಿ, ಪರವಾಗಿಲ್ವಾ ಸರ್?" ಈ ಕಡೆ ಒಂದು ಕ್ಷಣ ಮೌನ. ಹಿಂದಿನ ಬಸ್ಸಿನ ಹಾರ್ನ್. "ಹ್ಞಾಂ... ಆಯ್ತಪ್ಪ, ಕೊಡು."

ಹುಡುಗನಿಗೆ ಕೆಲಸ ಆಯಿತೆನ್ನಿಸುತ್ತದೆ. ಮೂರು ದಿನ ಕಳೆದ ಮೇಲೆ ಹೊಸ ಕಂಪನಿಯ ಎಚ್‌ಆರ್ ಅದೇ ಮ್ಯಾನೇಜರಿಗೆ ಫೋನ್ ಮಾಡುತ್ತಾರೆ. ಹುಡುಗ ಹೇಗೆ ಎಂದು ಕೇಳಿದರೆ, "ಒಳ್ಳೆ ಹುಡುಗ, ಏನೂ ತೊಂದರೆ ಇಲ್ಲ." ಅವನ ಕೆಲಸದಲ್ಲಿ ಎದ್ದು ಕಂಡದ್ದೇನು ಎಂದರೆ, "ಹೇಳಿದ್ದು ಮಾಡ್ತಿದ್ದ." ಅವಕಾಶ ಬಂದರೆ ಮತ್ತೆ ನಿಮ್ಮ ತಂಡಕ್ಕೆ ತೆಗೆದುಕೊಳ್ಳುತ್ತೀರಾ ಎಂದರೆ, "ಅದು... ನೋಡಬಹುದು."

ಮ್ಯಾನೇಜರ್ ಸುಳ್ಳು ಹೇಳಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ. ಆದರೂ ಫೋನ್ ಇಟ್ಟ ಎಚ್‌ಆರ್ ತನ್ನ ಹಾಳೆಯ ಮೇಲೆ ಬರೆದುಕೊಂಡದ್ದು ಆ ಕೊನೆಯ ತಡವರಿಕೆಯನ್ನೇ. ಆ ಸಂಜೆ ಟ್ರಾಫಿಕ್ಕಿನಲ್ಲಿ "ಈ ಸಲ ಬೇಡಪ್ಪ" ಎನ್ನುವುದು ಮ್ಯಾನೇಜರಿಗೆ ಸುಲಭವಾಗಿದ್ದಿದ್ದರೆ ಹುಡುಗ ಇನ್ನೊಬ್ಬರ ಹೆಸರು ಕೊಡುತ್ತಿದ್ದ. ಆಗ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ದಾಕ್ಷಿಣ್ಯ ಎಂಬ ಗಂಟು

ಎದುರಿಗಿದ್ದವರ ಮುಖ ನೋಡಿ "ಆಗುವುದಿಲ್ಲ" ಎನ್ನಲಾರದೆ ಒಪ್ಪಿಕೊಳ್ಳುವುದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಎಂಬ ಒಂದೇ ಪದ ಸಾಕು. ದಾಕ್ಷಿಣ್ಯದ ಸ್ವಭಾವವೆಂದರೆ ಅದು ಕೇಳಿಸಿಕೊಂಡವರನ್ನು ಕಟ್ಟಿಹಾಕುತ್ತದೆ, ಕೇಳಿದವರ ಕಣ್ಣಿಗೆ ಕಾಣುವುದೇ ಇಲ್ಲ.

ಅಮೆರಿಕದ ಇಬ್ಬರು ಸಂಶೋಧಕರು, ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ (ಈಗ ವನೆಸಾ ಬಾನ್ಸ್), 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದಿತ್ತು. ಅಪರಿಚಿತರಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬನ್ನಿ ಎಂದು ವಿದ್ಯಾರ್ಥಿಗಳನ್ನು ಕಳಿಸಿದರು. ಐದು ಜನ ಒಪ್ಪಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತು ಎಂದಾಗ ವಿದ್ಯಾರ್ಥಿಗಳ ಅಂದಾಜು ಸುಮಾರು 20. ನಿಜವಾಗಿ ಬೇಕಾದದ್ದು ಸುಮಾರು 10. ಸಹಾಯ ಮಾಡುವುದು ಎಷ್ಟು ಕಷ್ಟ ಎಂದು ಕೇಳುವವರು ಲೆಕ್ಕ ಹಾಕಿದ್ದರು. ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಇದರಲ್ಲಿ ಧೈರ್ಯ ಕೊಡುವ ಮಾತಿದೆ, ಎಚ್ಚರಿಸುವ ಮಾತೂ ಇದೆ. ಕೇಳಿದರೆ ಜನ ಒಪ್ಪುತ್ತಾರೆ ಎಂಬುದು ಧೈರ್ಯ. ಒಪ್ಪಿದವರಲ್ಲಿ ಕೆಲವರು ಬರೀ ಮುಜುಗರ ತಪ್ಪಿಸಿಕೊಳ್ಳಲು ಒಪ್ಪಿರುತ್ತಾರೆ ಎಂಬುದು ಎಚ್ಚರಿಕೆ. ಪ್ರಶ್ನಾವಳಿ ತುಂಬಿಸಲು ಯಾವ "ಹೂಂ" ಆದರೂ ನಡೆಯುತ್ತದೆ. ರೆಫರೆನ್ಸ್ ಹಾಗಲ್ಲ. ಅಲ್ಲಿ ಒಪ್ಪಿಗೆಯ ಹಿಂದಿನ ಮನಸ್ಸೇ ಸರಕು, ಮತ್ತು ಆ ಮನಸ್ಸು ಮೂರನೆಯವರ ಮುಂದೆ, ನಾವು ಇಲ್ಲದಾಗ, ಹತ್ತು ನಿಮಿಷ ಮಾತಾಡಬೇಕು.

ಬಾನ್ಸ್ ಅವರೇ ಮಹ್ದಿ ರೊಘನಿಜಾದ್ ಜೊತೆ 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಇಂಥದೇ ಕೋರಿಕೆಯನ್ನು ಎದುರಾಎದುರು ಕೇಳಿದಾಗ ಇಮೇಲಿಗಿಂತ 34 ಪಟ್ಟು ಹೆಚ್ಚು ಒಪ್ಪಿಗೆ ಸಿಕ್ಕಿತ್ತು. ಚಂದಾ ಎತ್ತುವವರು ಇದನ್ನು ಓದಿ ಮನೆಮನೆಗೆ ಹೋಗುವುದೇ ಸರಿ ಎನ್ನಬಹುದು. ರೆಫರೆನ್ಸ್ ಕೇಳುವವರು ಅದನ್ನೇ ತಿರುಗಿಸಿ ಓದಬೇಕು: ಮುಖಕ್ಕೆ ಮುಖ ಇದ್ದಾಗ, ಫೋನಿನಲ್ಲಿ ದನಿ ಇದ್ದಾಗ ಬರುವ ಹೂಂಗುಟ್ಟುವಿಕೆಯಲ್ಲಿ ದಾಕ್ಷಿಣ್ಯದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲಾಗದು. ಆದ್ದರಿಂದ ಮೊದಲ ಕೋರಿಕೆ ಬರಹದಲ್ಲಿರಲಿ. ಓದಿದವರು ಫೋನ್ ಪಕ್ಕಕ್ಕಿಟ್ಟು, ಕಾಫಿ ಕುಡಿದು, ರಾತ್ರಿ ಮಲಗೆದ್ದು ಉತ್ತರಿಸಲಿ.

ಬರಹದಲ್ಲೂ ವಾಟ್ಸ್ಆ್ಯಪ್‌ಗಿಂತ ಇಮೇಲ್ ಮೇಲು. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಮೂಡಿದ ಕ್ಷಣದಿಂದ, ನೋಡಿಯೂ ಉತ್ತರಿಸಿಲ್ಲ ಎಂಬ ಭಾರ ಆ ಕಡೆಯವರ ಮೇಲೆ ಬೀಳುತ್ತದೆ. ಇಮೇಲ್ ವಿಳಾಸ ಇಲ್ಲದಿದ್ದರೆ ವಾಟ್ಸ್ಆ್ಯಪ್ ಆಗಬಹುದು, ಆದರೆ ಮೆಸೇಜು ಕಳಿಸಿದ ಮೇಲೆ ಗೆರೆ ನೀಲಿಯಾಯಿತೇ ಎಂದು ನೋಡಿ ಮತ್ತೊಂದು ಕಳಿಸುವ ಹಾಗಿಲ್ಲ.

"ಸಂಕೋಚ ಬೇಡ" ಎಂದರೆ ಸಾಲದು

ಹಾಗಾದರೆ "ಆಗದಿದ್ದರೆ ಸಂಕೋಚ ಇಲ್ಲದೆ ಹೇಳಿ ಸರ್" ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಫ್ರಾನ್ಸಿನ ನಿಕೊಲಾ ಗೆಗೆನ್ ಮತ್ತು ಅಲೆಕ್ಸಾಂಡ್ರ್ ಪಾಸ್ಕಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಬಸ್ಸಿಗೆ ಚಿಲ್ಲರೆ ಕೇಳಲಾಯಿತು. ಬರೀ ಕೇಳಿದಾಗ ನೂರಕ್ಕೆ ಹತ್ತು ಜನ ಕೊಟ್ಟರು. "ಕೊಡುವುದು ಬಿಡುವುದು ನಿಮ್ಮಿಷ್ಟ" ಎಂದು ಸೇರಿಸಿದಾಗ ಕೊಟ್ಟವರು ನೂರಕ್ಕೆ 47ಕ್ಕೂ ಹೆಚ್ಚು. ಬಿಡುಗಡೆಯ ಮಾತು ಬಾಗಿಲು ತೆರೆಯುವ ಬದಲು ಒಳಗೆ ಕರೆಯುವ ಮಾತಾಯಿತು. ಇಷ್ಟು ನಯವಾಗಿ ಕೇಳಿದವರಿಗೆ ಹೇಗೆ ಇಲ್ಲವೆನ್ನುವುದು!

ಅದಕ್ಕೇ ಮಾತಿನ ಜೊತೆ ದಾರಿಯೂ ಬೇಕು. ಇಲ್ಲವೆನ್ನುವವರಿಗೆ ಮೂರು ತೊಡಕು. ಯಾವ ಕಾರಣ ಹೇಳಲಿ ಎಂಬುದು ಒಂದು. ನಾನು ಬಿಟ್ಟರೆ ಇವರ ಕೆಲಸ ಕೆಡುತ್ತದೇನೋ ಎಂಬುದು ಇನ್ನೊಂದು. "ಇಲ್ಲ" ಎಂಬ ಪದವನ್ನು ಬಾಯಿಬಿಟ್ಟು ಹೇಳಬೇಕಲ್ಲ ಎಂಬುದು ಮೂರನೆಯದು. ಕೇಳುವವರು ಈ ಮೂರನ್ನೂ ಮೊದಲೇ ಬಿಡಿಸಿಟ್ಟಿರಬೇಕು.

ಕಾರಣದ ವಿಷಯವನ್ನೇ ಮೊದಲು ನೋಡೋಣ. ನಮ್ಮ ಕೆಲಸಕ್ಕೂ ಸಂಬಂಧವೇ ಇಲ್ಲದ ಎಷ್ಟೋ ಕಾರಣಗಳಿಗೆ ಮ್ಯಾನೇಜರ್ ರೆಫರೆನ್ಸ್ ಕೊಡಲಾರದೆ ಇರಬಹುದು. ಅವರ ಕಂಪನಿಯಲ್ಲಿ ಎಚ್‌ಆರ್ ಬಿಟ್ಟು ಬೇರೆ ಯಾರೂ ಹಳೆಯ ನೌಕರರ ಬಗ್ಗೆ ಮಾತಾಡಬಾರದು ಎಂಬ ನಿಯಮವಿರಬಹುದು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟನ್ನು ಮಾತ್ರ ದೃಢಪಡಿಸಿ ಸುಮ್ಮನಾಗುವ ಕಂಪನಿಗಳು ಬಹಳ. ಈ ಎಚ್ಚರಿಕೆಗೆ ಕಾನೂನಿನ ಹಿನ್ನೆಲೆಯೂ ಇದೆ. ಇಂಗ್ಲೆಂಡಿನಲ್ಲಿ ವಿಮೆ ಮಾರುತ್ತಿದ್ದ ಸ್ಪ್ರಿಂಗ್ ಎಂಬಾತ, ಹಳೆಯ ಸಂಸ್ಥೆ ಕೊಟ್ಟ ಕೆಟ್ಟ ರೆಫರೆನ್ಸಿನಿಂದ ಬೇರೆಲ್ಲೂ ಕೆಲಸ ಸಿಗಲಿಲ್ಲವೆಂದು ಗಾರ್ಡಿಯನ್ ಅಶ್ಯೂರೆನ್ಸ್ ಮೇಲೆ ಹೂಡಿದ ದಾವೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ತೀರ್ಪು ಕೊಟ್ಟಿತು. ರೆಫರೆನ್ಸ್ ಕೊಡುವಾಗ ಮಾಲೀಕರು ತಕ್ಕ ಎಚ್ಚರ ವಹಿಸಬೇಕು, ಅಜಾಗರೂಕತೆಯಿಂದ ನೌಕರನಿಗೆ ನಷ್ಟವಾದರೆ ಹೊಣೆಯಾಗಬೇಕು ಎಂಬುದು ಅದರ ಸಾರ. ಇಂಥ ಹೊಣೆ ಹೊರುವುದಕ್ಕಿಂತ ತಾರೀಖು ಹೇಳಿ ಸುಮ್ಮನಿರುವುದು ವಾಸಿ ಎಂದು ಕಂಪನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಇನ್ನೂ ಕಾರಣಗಳಿವೆ. ಅದೇ ಹುದ್ದೆಗೆ ಅರ್ಜಿ ಹಾಕಿದ ಇನ್ನೊಬ್ಬರಿಗೆ ಅವರು ಆಗಲೇ ಮಾತು ಕೊಟ್ಟಿರಬಹುದು. ಮಾರ್ಚ್ ಕೊನೆಯ ಲೆಕ್ಕಪತ್ರದಲ್ಲಿ ಮುಳುಗಿರಬಹುದು. ಮೂರು ವರ್ಷದ ಹಿಂದಿನ ವಿವರ ಮರೆತಿರಬಹುದು. ಜೊತೆಗೆ, ಇವು ಯಾವುದೂ ಅಲ್ಲದೆ, ನಿಮ್ಮ ಕೆಲಸದ ಬಗ್ಗೆಯೇ ಅವರಿಗೆ ಅಷ್ಟು ಸಮಾಧಾನ ಇಲ್ಲದಿರಬಹುದು.

ಗುಟ್ಟು ಇರುವುದು ಇಲ್ಲೇ. ಮೊದಲಿನ ಕಾರಣಗಳನ್ನು ನಾವೇ ಬರೆದುಕೊಟ್ಟರೆ ಕೊನೆಯ ಕಾರಣ ಇರುವವರು ಅವುಗಳ ಮರೆಯಲ್ಲಿ ನಿಲ್ಲಬಹುದು. ನಿಮ್ಮ ಬಗ್ಗೆ ಸಮಾಧಾನವಿಲ್ಲ ಎಂದು ಯಾವ ಮ್ಯಾನೇಜರೂ ಬಾಯಿಬಿಟ್ಟು ಹೇಳುವುದಿಲ್ಲ. "ನಮ್ಮಲ್ಲಿ ನಿಯಮ ಇಲ್ಲಮ್ಮ" ಎಂದು ಹೇಳಲು ಯಾರಿಗೂ ಕಷ್ಟವಿಲ್ಲ. ನೆಪ ಹುಡುಕುವ ಕಷ್ಟವನ್ನು ಅವರಿಗೆ ಬಿಡದೆ ನಾವೇ ಕೈಗಿಡಬೇಕು.

ಒಂದು ಪತ್ರ, ಸಾಲು ಸಾಲಾಗಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂರು ವರ್ಷ ಸ್ಟೋರ್ಸ್ ಮತ್ತು ಪರ್ಚೇಸ್ ವಿಭಾಗದಲ್ಲಿದ್ದ ಹೆಣ್ಣುಮಗಳು. ಈಗ ಇನ್ನೊಂದು ಕಂಪನಿಯಲ್ಲಿ ಪರ್ಚೇಸ್ ಆಫೀಸರ್ ಹುದ್ದೆಗೆ ಕೊನೆಯ ಸುತ್ತು ದಾಟಿದ್ದಾಳೆ. ಫಾರಂನಲ್ಲಿ ಹಿಂದಿನ ಮ್ಯಾನೇಜರ್‌ಗಳಿಬ್ಬರ ಹೆಸರು, ಇಮೇಲ್, ಫೋನ್ ನಂಬರ್ ಬರೆಯಬೇಕು. ಶುಕ್ರವಾರ ಕೊನೆಯ ದಿನ. ಪೀಣ್ಯದ ಮೇಡಂ ಇವಳ ಕೆಲಸವನ್ನು ಹತ್ತಿರದಿಂದ ನೋಡಿದವರು. ಆದರೆ ಬಿಡುವಾಗ ಒಂದು ಕಸಿವಿಸಿ ನಡೆದಿತ್ತು: ಎರಡು ತಿಂಗಳ ನೋಟಿಸ್ ಇದ್ದದ್ದನ್ನು ಇವಳು ಒಂದೇ ತಿಂಗಳಿಗೆ ಮುಗಿಸಿ ಹೊರಟಿದ್ದಳು. ಮೇಡಂ ಅದನ್ನು ಮರೆತಿದ್ದಾರೋ ಇಲ್ಲವೋ ಇವಳಿಗೆ ತಿಳಿಯದು. ಸೋಮವಾರ ಬೆಳಿಗ್ಗೆ ಅವಳು ಹೀಗೆ ಬರೆಯುತ್ತಾಳೆ:

"ಮೇಡಂ, ನಮಸ್ಕಾರ. ಸ್ಟೋರ್ಸ್‌ನಲ್ಲಿ ಮೂರು ವರ್ಷ ನಿಮ್ಮ ಕೈಕೆಳಗೆ ಕೆಲಸ ಮಾಡಿದವಳು ನಾನು. ಈಗ ಒಂದು ಕಂಪನಿಯಲ್ಲಿ ಪರ್ಚೇಸ್ ಆಫೀಸರ್ ಹುದ್ದೆಗೆ ಕೊನೆಯ ಹಂತದಲ್ಲಿದ್ದೇನೆ. ಹಿಂದಿನ ಮ್ಯಾನೇಜರ್‌ಗಳಿಬ್ಬರ ಹೆಸರು ಕೇಳಿದ್ದಾರೆ. ಇನ್ನೂ ಯಾರ ಹೆಸರನ್ನೂ ಕೊಟ್ಟಿಲ್ಲ.

"ಅವರು ಫೋನ್ ಮಾಡಿ ಹತ್ತು ಹದಿನೈದು ನಿಮಿಷ ಕೇಳುತ್ತಾರಂತೆ, ಮುಖ್ಯವಾಗಿ ವೆಂಡರ್‌ಗಳ ಜೊತೆಗಿನ ವ್ಯವಹಾರ ಮತ್ತು ಸ್ಟಾಕ್ ಲೆಕ್ಕದ ಬಗ್ಗೆ. ಇವೆರಡರಲ್ಲೂ ನನ್ನ ಕೆಲಸದ ಬಗ್ಗೆ ಮನಸ್ಸು ಬಿಚ್ಚಿ ಒಳ್ಳೆಯದು ಹೇಳಬಹುದು ಎಂದು ನಿಮಗೆ ಅನ್ನಿಸಿದರೆ ಮಾತ್ರ ನಿಮ್ಮ ಹೆಸರು ಕೊಡಬೇಕೆಂದಿದ್ದೇನೆ.

"ಕಂಪನಿಯ ನಿಯಮ ಇರಬಹುದು, ಈಗ ಬಿಡುವಿಲ್ಲದಿರಬಹುದು, ನಾನು ಬಿಟ್ಟು ದಿನವಾದ್ದರಿಂದ ವಿವರ ನೆನಪಿಲ್ಲದಿರಬಹುದು. ಏನೇ ಇದ್ದರೂ 'ಈ ಸಲ ಆಗಲ್ಲ' ಎಂದು ಒಂದು ಸಾಲು ಬರೆದರೆ ಸಾಕು, ಕಾರಣ ಬೇಡ. ಕೇಳಬಹುದಾದ ಇನ್ನಿಬ್ಬರು ಇದ್ದಾರೆ.

"ಫಾರಂ ಶುಕ್ರವಾರ ಕೊಡಬೇಕು. ಗುರುವಾರ ಸಂಜೆಯೊಳಗೆ ನಿಮ್ಮ ಉತ್ತರ ಬರದಿದ್ದರೆ ಬೇರೆಯವರ ಹೆಸರು ಬರೆದುಕೊಳ್ಳುತ್ತೇನೆ. ಮತ್ತೆ ಕೇಳಿ ತೊಂದರೆ ಕೊಡುವುದಿಲ್ಲ."

"ಇನ್ನೂ ಯಾರ ಹೆಸರನ್ನೂ ಕೊಟ್ಟಿಲ್ಲ" ಎಂಬುದನ್ನು ನೋಡಿ. ನಮ್ಮ ಕಥೆಯ ಹುಡುಗ "ಕೊಟ್ಟಿರ್ತೀನಿ" ಎಂದಿದ್ದ. ಆದ ಕೆಲಸವನ್ನು ಕೆಡಿಸುವವರು ತಾವಾಗಬೇಕಲ್ಲ ಎಂದು ಮ್ಯಾನೇಜರ್ ಸುಮ್ಮನಾದರು. ಇಲ್ಲಿ ಕೆಡುವಂಥದ್ದು ಏನೂ ಇನ್ನೂ ಆಗಿಲ್ಲ.

ಎರಡನೆಯ ಪ್ಯಾರಾದಲ್ಲಿ ಅವಳು "ರೆಫರೆನ್ಸ್ ಕೊಡುತ್ತೀರಾ" ಎಂದು ಕೇಳಲೇ ಇಲ್ಲ. ಆ ಪ್ರಶ್ನೆಗೆ ಹೂಂ ಎನ್ನುವುದು ಉಪಕಾರ, ಇಲ್ಲವೆನ್ನುವುದು ನಿಷ್ಠುರ. ಅವಳು ಕೇಳಿದ್ದು ಇವೆರಡು ವಿಷಯದಲ್ಲಿ ಒಳ್ಳೆಯದು ಹೇಳಲು ನಿಮಗೆ ಸಾಧ್ಯವೇ ಎಂದು. ಇದಕ್ಕೆ "ಅಷ್ಟು ವಿವರವಾಗಿ ಹೇಳಲಾರೆ" ಎಂದು ಉತ್ತರಿಸಿದರೆ ಯಾರಿಗೂ ನೋವಾಗದು. ಹತ್ತು ಹದಿನೈದು ನಿಮಿಷ ಎಂದು ಬರೆದದ್ದೂ ಬೇಕಾದದ್ದೇ. ಕೆಲಸ ಎಷ್ಟು ಎಂದು ತಿಳಿದರೆ ತಾನೇ ಆಗುತ್ತದೋ ಇಲ್ಲವೋ ತೂಗುವುದು.

ಮೂರನೆಯ ಪ್ಯಾರಾ ನೆಪಗಳದ್ದು. ಅದರ ಕೊನೆಯ ಸಾಲು, ಇನ್ನಿಬ್ಬರು ಇದ್ದಾರೆ ಎಂಬುದು, ನಿಜವಾಗಿರಬೇಕು. ಆದ್ದರಿಂದ ಪತ್ರ ಬರೆಯುವ ಮೊದಲ ಕೆಲಸ ಹೆಸರುಗಳ ಪಟ್ಟಿ: ಇಬ್ಬರು ಬೇಕಿದ್ದರೆ ನಾಲ್ವರನ್ನು ನೆನೆದಿಟ್ಟುಕೊಳ್ಳುವುದು. ನೇರ ಮ್ಯಾನೇಜರ್ ಅಲ್ಲದೆ ಅವರ ಮೇಲಿನವರು, ಪ್ರಾಜೆಕ್ಟಿನ ಹೊಣೆ ಹೊತ್ತಿದ್ದವರು, ವರ್ಷಗಟ್ಟಲೆ ಜೊತೆಗೆ ವ್ಯವಹರಿಸಿದ ಇನ್ನೊಂದು ವಿಭಾಗದ ಮುಖ್ಯಸ್ಥರು ಕೂಡ ಆಗಬಹುದು. ಕೈಯಲ್ಲಿ ಬೇರೆ ಹೆಸರಿಲ್ಲದೆ ಈ ಸಾಲು ಬರೆದರೆ ಅದು ಸುಳ್ಳು, ಮೇಲಾಗಿ ಉತ್ತರ ಬರದಿದ್ದಾಗ ನಾವೇ ಬೆನ್ನು ಹತ್ತುತ್ತೇವೆ.

ಕೊನೆಯ ಪ್ಯಾರಾ ಇಡೀ ಪತ್ರದ ಬೆನ್ನೆಲುಬು. ಉತ್ತರ ಬರದಿದ್ದರೆ ಇಲ್ಲವೆಂದು ತಿಳಿದುಕೊಳ್ಳುತ್ತೇನೆ ಎಂದಾಗ ಮೇಡಂ ಇಲ್ಲ ಎಂಬ ಪದವನ್ನು ಬರೆಯುವ ಪ್ರಮೇಯವೇ ಇಲ್ಲ. ಸುಮ್ಮನಿದ್ದರೆ ಆಯಿತು. ಸಾಮಾನ್ಯವಾಗಿ ನಾವು ಮೌನವನ್ನು ಸಮ್ಮತಿ ಎಂದುಕೊಳ್ಳುತ್ತೇವೆ. ಇಲ್ಲಿ ಅದನ್ನು ಉಲ್ಟಾ ಮಾಡಿ ಹೇಳಿಬಿಟ್ಟಿದ್ದಾಳೆ.

ಪತ್ರದಲ್ಲಿ ಇಲ್ಲದ್ದನ್ನೂ ನೋಡಬೇಕು. "ನೀವು ಬಿಟ್ಟರೆ ನನಗೆ ಯಾರೂ ಇಲ್ಲ ಮೇಡಂ" ಇಲ್ಲ. "ಆ ಆಡಿಟ್ ಹೊತ್ತಲ್ಲಿ ರಾತ್ರಿಯೆಲ್ಲ ಕೂತಿದ್ದೆನಲ್ಲ" ಎಂಬ ಋಣದ ನೆನಪಿಲ್ಲ. ಇಬ್ಬರಿಗೂ ಬೇಕಾದ ಯಾರದೋ ಹೆಸರು ನಡುವೆ ಬಂದಿಲ್ಲ. ಬಯೋಡೇಟಾ ಕೂಡ ಲಗತ್ತಿಸಿಲ್ಲ. ಬಯೋಡೇಟಾ, ಹುದ್ದೆಯ ವಿವರ, ನೆನಪಿಸುವ ಅಂಶಗಳು, ಎಲ್ಲವನ್ನೂ ಸಜ್ಜುಮಾಡಿ ಮೊದಲ ಮೆಸೇಜಿನಲ್ಲೇ ಕಳಿಸುವುದು ಅಚ್ಚುಕಟ್ಟುತನದಂತೆ ಕಾಣುತ್ತದೆ. ಆದರೆ ಇಷ್ಟೆಲ್ಲ ಮಾಡಿಕೊಂಡು ಬಂದವರನ್ನು ವಾಪಸು ಕಳಿಸುವುದು, ಎಲೆ ಹಾಕಿ ಬಡಿಸಿದ ಮೇಲೆ ಊಟ ಬೇಡವೆಂದಷ್ಟೇ ಕಷ್ಟ. ಅದೆಲ್ಲ ಒಪ್ಪಿಗೆ ಬಂದ ಮೇಲಿನ ಕೆಲಸ.

ಉತ್ತರ ಓದುವ ಬಗೆ

ಉತ್ತರಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ಮನಸ್ಸಿದ್ದವರ ಉತ್ತರದಲ್ಲಿ ಒಂದಾದರೂ ವಿವರ ಇಣುಕುತ್ತದೆ. "ಕೊಡಮ್ಮ, ಆ ಬೇರಿಂಗ್ ವೆಂಡರ್ ತಕರಾರು ನೀನೇ ಅಲ್ವಾ ಬಗೆಹರಿಸಿದ್ದು, ಅದನ್ನೇ ಹೇಳ್ತೀನಿ" ಎಂದರೆ ಆ ರೆಫರೆನ್ಸ್ ಅರ್ಧ ಆದಂತೆ. "ನೋಡೋಣ", "ಆಮೇಲೆ ಮಾತಾಡ್ತೀನಿ", "ಮೊದಲು ಎಚ್‌ಆರ್‌ನ ಕೇಳಿ ನೋಡು" ಎಂಬುವು ನಮ್ಮ ನಾಡಿನಲ್ಲಿ ಇಲ್ಲ ಎನ್ನುವ ಮರ್ಯಾದೆಯ ರೂಪಗಳು. ಅವನ್ನು ಇಲ್ಲ ಎಂದೇ ಓದಿಕೊಂಡು ಮುಂದೆ ಹೋಗಬೇಕು.

ನಡುವೆ ಬರುವುದು "ಆಯ್ತು ಕೊಡು" ಎಂಬ ಒಣ ಉತ್ತರ. ಅದು ಬಿಡುವಿಲ್ಲದವರ ನಿಜವಾದ ಒಪ್ಪಿಗೆ ಇರಬಹುದು, ದಾಕ್ಷಿಣ್ಯವೂ ಇರಬಹುದು. ಆಗ ಇನ್ನೊಂದು ಸಲ ಬಾಗಿಲು ತೋರಿಸಬೇಕು, ಒಂದೇ ಸಲ: "ಧನ್ಯವಾದ ಮೇಡಂ. ಫಾರಂ ಕೊಡುವುದು ಶುಕ್ರವಾರ. ಅಷ್ಟರೊಳಗೆ ಬೇಡ ಅನ್ನಿಸಿದರೆ ತಿಳಿಸಿ, ಬದಲಾಯಿಸುತ್ತೇನೆ. ಮುಖ್ಯವಾಗಿ ಯಾವ ಕೆಲಸದ ಬಗ್ಗೆ ಹೇಳಬಹುದು ಅಂದುಕೊಂಡಿದ್ದೀರಿ?" ಈ ಪ್ರಶ್ನೆಗೆ ವಿವರ ಬಂದರೆ ಹೆಸರು ಬರೆಯಿರಿ. "ಏನಾದ್ರೂ ಹೇಳ್ತೀನಿ ಬಿಡು" ಎಂದು ಬಂದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುವುದು ಒಳ್ಳೆಯದು.

ಮೇಡಂ ಬರೆಯದೆ ಫೋನನ್ನೇ ಮಾಡಿದರು ಎಂದುಕೊಳ್ಳಿ. "ಏನಮ್ಮ, ಹೇಗಿದೀಯ? ಮೆಸೇಜ್ ನೋಡ್ದೆ. ಖುಷಿಯಾಯ್ತು. ಆದ್ರೆ ನಮ್ಮಲ್ಲಿ ಈಗ ಎಚ್‌ಆರ್ ಬಿಟ್ಟು ಯಾರೂ ಹೇಳೋ ಹಾಗಿಲ್ಲ ಅಂತ ಮಾಡಿಬಿಟ್ಟಿದಾರೆ ಕಣೇ."

ಎಡವುವುದು ಇಲ್ಲೇ. ನಾಲಿಗೆಯ ತುದಿಗೆ ಬರುವ ಮಾತು, "ಪರವಾಗಿಲ್ಲ ಮೇಡಂ, ನಿಮ್ಮ ಪರ್ಸನಲ್ ನಂಬರ್ ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ." ಹೀಗೆಂದರೆ ನಾವೇ ಕೊಟ್ಟ ನೆಪವನ್ನು ನಾವೇ ಕಿತ್ತುಕೊಂಡಂತೆ. ಮೇಡಂ ಈಗ ಎರಡನೆಯ ನೆಪ ಹುಡುಕಬೇಕು, ಸಿಗದಿದ್ದರೆ ಒಲ್ಲದ ಮನಸ್ಸಿನಿಂದ ಒಪ್ಪಬೇಕು. ನಿಯಮ ನಿಜವೇ ಆಗಿದ್ದರೆ ಅವರ ಕೆಲಸಕ್ಕೂ ಕುತ್ತು. ಅವಳು ಹೇಳಬೇಕಾದದ್ದು ಇಷ್ಟೇ: "ಸರಿ ಮೇಡಂ, ಫೋನ್ ಮಾಡಿ ತಿಳಿಸಿದ್ದೇ ಒಳ್ಳೇದಾಯ್ತು. ಬೇರೆಯವರನ್ನ ಕೇಳ್ತೀನಿ." ಆಮೇಲೆ ಮಾತು ಬೇರೆ ಕಡೆ ಹೊರಳಿಸಬೇಕು, ಮನೆ ಮಠ, ಮಕ್ಕಳ ಪರೀಕ್ಷೆ, ಹಳೆಯ ಸಹೋದ್ಯೋಗಿಗಳು. ಇಲ್ಲವೆಂದ ಮೇಲೂ ಎರಡು ನಿಮಿಷ ಮಾತು ನಡೆದರೆ ಅವರ ಮನಸ್ಸಿಗೂ ಹಗುರ.

ಒಪ್ಪಿದ ಮೇಲೆ

ನಮ್ಮ ಹೆಣ್ಣುಮಗಳು ಆ ನಂತರ ಪಟ್ಟಿಯ ಎರಡನೆಯ ಹೆಸರಿಗೆ, ಪ್ರೊಡಕ್ಷನ್ ವಿಭಾಗದ ಮುಖ್ಯಸ್ಥರಾಗಿದ್ದ ಸರ್‌ಗೆ ಬರೆದಳು. ಅವರ ಉತ್ತರ ಅದೇ ದಿನ ಬಂತು: "ಕೊಡು. ಲೈನ್ ನಿಲ್ಲದಂತೆ ಮಾಲು ತರಿಸ್ತಿದ್ದವಳು ನೀನು, ನನಗಿಂತ ಚೆನ್ನಾಗಿ ಯಾರು ಹೇಳ್ತಾರೆ." ಅವರಿಗೆ ಮೊದಲು ಕೇಳಬೇಕಾದದ್ದು ಯಾವ ನಂಬರ್, ಯಾವ ಇಮೇಲ್ ಕೊಡಲಿ ಎಂದು. ತಪಾಸಣೆ ಮಾಡುವ ಕೆಲವು ಕಂಪನಿಗಳು ಆಫೀಸಿನ ಇಮೇಲೇ ಬೇಕೆನ್ನುತ್ತವೆ. ಕೊಡಲು ಅವರಿಗೆ ಇಷ್ಟವಿದೆಯೇ ಎಂಬುದು ಬೇರೆ ಪ್ರಶ್ನೆ.

ಬಳಿಕ ಅರ್ಧ ಪುಟದ ಒಂದು ಟಿಪ್ಪಣಿ. ಯಾವ ಹುದ್ದೆ, ಯಾರು ಫೋನ್ ಮಾಡಬಹುದು, ಯಾವ ವಾರದಲ್ಲಿ. ಅವರ ಕಣ್ಣೆದುರೇ ನಡೆದ ಎರಡೋ ಮೂರೋ ಕೆಲಸಗಳು, ತಿಂಗಳು ವರ್ಷದ ಸಮೇತ, ನೆನಪಿಗೆ ಮಾತ್ರ. ಏನು ಹೇಳಬೇಕೆಂದು ಕಲಿಸಿಕೊಡುವುದಲ್ಲ. ಇಷ್ಟರ ಜೊತೆ ಒಂದು ಮುಜುಗರದ ಸಂಗತಿಯನ್ನೂ ಬರೆಯಬೇಕು: "ನೋಟಿಸ್ ಒಂದು ತಿಂಗಳು ಕಡಿಮೆಯಾದದ್ದನ್ನು ಇಂಟರ್‌ವ್ಯೂನಲ್ಲಿ ನಾನೇ ಹೇಳಿದ್ದೇನೆ. ಅವರು ಕೇಳಿದರೆ ಇದ್ದದ್ದು ಇದ್ದಹಾಗೆ ಹೇಳಿ." ರೆಫರೆನ್ಸ್ ಕೊಡುವವರು ಫೋನಿನಲ್ಲಿ ತಡವರಿಸುವುದು ಹೆಚ್ಚಾಗಿ ಇಂಥಲ್ಲೇ, ಮುಚ್ಚಬೇಕೋ ಹೇಳಬೇಕೋ ತಿಳಿಯದಾಗ. ಮುಚ್ಚುವುದು ಏನೂ ಇಲ್ಲವೆಂದು ತಿಳಿದರೆ ಅವರ ದನಿ ಸಲೀಸಾಗುತ್ತದೆ.

ಆಯ್ಕೆಯೇ ಇಲ್ಲದಾಗ

ಈ ಕ್ರಮ ನಡೆಯದ ಜಾಗಗಳೂ ಇವೆ. ಕೆಲವು ಫಾರಂಗಳು "ನೇರ ಮ್ಯಾನೇಜರ್" ಅವರೇ ಆಗಬೇಕೆಂದು ಪಟ್ಟು ಹಿಡಿಯುತ್ತವೆ. ಅಂಥಲ್ಲಿ ಆ ಮ್ಯಾನೇಜರ್ ಒಪ್ಪದಿದ್ದರೆ ಒತ್ತಾಯಿಸಬೇಕಾದದ್ದು ಅವರನ್ನಲ್ಲ. ಹೊಸ ಕಂಪನಿಯ ಎಚ್‌ಆರ್‌ಗೆ ನೇರವಾಗಿ ಬರೆಯಬೇಕು: "ನೇರ ಮ್ಯಾನೇಜರ್ ರೆಫರೆನ್ಸ್ ಕೊಡುವ ಸ್ಥಿತಿಯಲ್ಲಿಲ್ಲ. ಅವರ ಬದಲು ಪ್ರೊಡಕ್ಷನ್ ಮುಖ್ಯಸ್ಥರ ಹೆಸರು ಕೊಡುತ್ತಿದ್ದೇನೆ. ರಿಲೀವಿಂಗ್ ಲೆಟರ್, ಕೊನೆಯ ವರ್ಷದ ಅಪ್ರೈಸಲ್ ಪತ್ರ ಜೊತೆಗಿದೆ." ಸೇರಿದ ಬಿಟ್ಟ ತಾರೀಖುಗಳನ್ನು ಹಳೆಯ ಕಂಪನಿಯ ಎಚ್‌ಆರ್ ಹೇಗೂ ದೃಢಪಡಿಸುತ್ತದೆ. ಅದಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ.

ಮಾಲೀಕ, ಮ್ಯಾನೇಜರ್ ಎಲ್ಲ ಒಬ್ಬರೇ ಆದ ಸಣ್ಣ ಅಂಗಡಿ, ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಇನ್ನಿಬ್ಬರು ಇದ್ದಾರೆ ಎಂದು ಬರೆಯುವ ಅನುಕೂಲ ಇರುವುದಿಲ್ಲ. ಅಂಥವರು ಆ ಸಾಲನ್ನು ಬಿಟ್ಟು ಉಳಿದದ್ದನ್ನು ಬರೆಯಬಹುದು. ಖಾಯಂ ಗಿರಾಕಿ, ಮಾಲು ಕೊಡುತ್ತಿದ್ದವರು, ಲೆಕ್ಕ ನೋಡುತ್ತಿದ್ದ ಆಡಿಟರ್, ಇವರ ಮಾತಿಗೂ ತೂಕವಿದೆ. ಇನ್ನು ಈಗ ಕೆಲಸದಲ್ಲಿರುವ ಕಂಪನಿಯ ಮ್ಯಾನೇಜರನ್ನು ಹೊಸ ಆಫರ್ ಕೈಗೆ ಬರುವ ಮೊದಲು ಯಾವ ರೂಪದಲ್ಲೂ ಕೇಳುವ ಹಾಗಿಲ್ಲ. ಅವರು ಇಲ್ಲವೆಂದರೂ ಸುದ್ದಿ ಹೊರಬಿದ್ದಾಯಿತು.

ಇಷ್ಟು ಬಾಗಿಲು ತೆರೆದಿಟ್ಟರೆ ಕೆಲವರು ನಿಜವಾಗಿಯೂ ಹೊರಗೆ ಹೋಗುತ್ತಾರೆ. ಹತ್ತು ಜನರಲ್ಲಿ ಒಂಬತ್ತು ಜನ ಒಪ್ಪುತ್ತಿದ್ದ ಕಡೆ ಆರೇಳು ಜನ ಒಪ್ಪಬಹುದು. ಹೋದವರು ಯಾರೆಂದರೆ, ಎಚ್‌ಆರ್ ಫೋನಿಗೆ "ಅದು... ನೋಡಬಹುದು" ಎನ್ನಲಿದ್ದವರೇ.

ಪೀಣ್ಯದ ಮೇಡಂ ಹೇಳಿದ ನಿಯಮ ನಿಜವಾಗಿ ಇತ್ತೋ, ನೋಟಿಸಿನ ಸಿಟ್ಟು ಇನ್ನೂ ಇತ್ತೋ, ನಮ್ಮ ಹೆಣ್ಣುಮಗಳಿಗೆ ಕೊನೆಗೂ ತಿಳಿಯುವುದಿಲ್ಲ. ತಿಳಿದುಕೊಳ್ಳಲು ಹೋಗಲೂಬಾರದು. ಯುಗಾದಿಗೆ ಅವಳು ಶುಭಾಶಯ ಕಳಿಸಿದರೆ ಮೇಡಂ ಕಡೆಯಿಂದ ಉತ್ತರ ಬರುತ್ತದೆ, "ಹೊಸ ಕೆಲಸ ಹೇಗಿದೆಯಮ್ಮ?" ಎಂದು. ಅಂದು ಒಲ್ಲದ ಮನಸ್ಸಿನಿಂದ ಹೂಂ ಎಂದಿದ್ದರೆ ಈ ಪ್ರಶ್ನೆ ಕೇಳಲು ಅವರಿಗೇ ಸಂಕೋಚವಾಗುತ್ತಿತ್ತು.